ಅಪ್ಪನ ಇಂಗ್ಲೆಂಡ್ ರಿಪೋರ್ಟಿನಲ್ಲಿ ಎಚ್‌ಬಿಎ1ಸಿ 58 ಅಂತಿದೆ. ನಮ್ಮ ಹಳೇ ಶೇಕಡಾ ಅಂಕಿಗಳನ್ನು ಆ ಲೆಕ್ಕಕ್ಕೆ ತರೋದು ಹೇಗೆ?

ನಾಪೋಕ್ಲು ಮಗ

ಎಲ್ಲರಿಗೂ ನಮಸ್ಕಾರ. ಅಪ್ಪ ಐದು ತಿಂಗಳು ಇಂಗ್ಲೆಂಡಿನಲ್ಲಿ ಅಕ್ಕನ ಮನೆಯಲ್ಲಿದ್ದು ಕಕ್ಕಡ ಶುರುವಾಗೋ ಹೊತ್ತಿಗೆ ವಾಪಸ್ ಬಂದರು. ಅಲ್ಲಿ ಜೂನ್ ಕೊನೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿದ್ದಾರೆ. ಕಾಗದದಲ್ಲಿ ಹೀಗಿದೆ:

```
HbA1c     58   mmol/mol
Glucose   7.8  mmol/L
```

ಕೆಳಗೆ ಪೆನ್ನಿನಲ್ಲಿ ಅಲ್ಲಿನ ಡಾಕ್ಟರ್ "53" ಅಂತ ಬರೆದು ಸುತ್ತು ಹಾಕಿದ್ದಾರೆ. ಅದು ಗುರಿಯಂತೆ.

ಅಪ್ಪ ಬಂದ ಮಾರನೇ ದಿನ ಬೆಳಿಗ್ಗೆ ಮಳೆಗೆ ಕರೆಂಟ್ ಇರಲಿಲ್ಲ. ಅಮ್ಮ ಒಲೆ ಹತ್ತಿರ ಕೂತು ಟಾರ್ಚ್ ಬೆಳಕಲ್ಲಿ ಈ ಕಾಗದ ಓದಿ "ಅಯ್ಯೋ, ಸಕ್ಕರೆ 58ಕ್ಕೆ ಇಳಿದಿದೆ" ಅಂತ ಹೆದರಿ, ಅಪ್ಪನ ಕಾಫಿಗೆ ಎರಡು ಚಮಚ ಜೇನು ಹಾಕಿ ಕುಡಿಸಿಬಿಟ್ಟರು. ನಮ್ಮ ಗ್ಲುಕೋಮೀಟರಲ್ಲಿ 70ಕ್ಕಿಂತ ಕೆಳಗೆ ಬಂದರೆ ತಕ್ಷಣ ಸಿಹಿ ಕೊಡಿ ಅಂತ ಹೇಳಿಕೊಟ್ಟಿದ್ದಾರಲ್ಲ, ಅದನ್ನೇ ಮಾಡಿದರು. ಅಮ್ಮನ ತಪ್ಪಿಲ್ಲ. ಒಂದು ಗಂಟೆ ಬಿಟ್ಟು ನಾನು ಬೆರಳು ಚುಚ್ಚಿ ನೋಡಿದಾಗ 231 ಇತ್ತು.

ನಂತರ ನನ್ನ ಭಾವ ಬಂದು "58 ಏನೋ ಬೇರೆ, ಕೆಳಗಿರೋ 7.8 ಎಚ್‌ಬಿಎ1ಸಿ" ಅಂದರು. ಅದೂ ಸರಿ ಅನ್ನಿಸುತ್ತಿಲ್ಲ.

ಇನ್ನೊಂದು ವಿಷಯ. ಅಪ್ಪನ ಹಳೇ ಅಂಕಿಗಳನ್ನು ಅಲ್ಲಿನ ಲೆಕ್ಕಕ್ಕೆ ತಿರುಗಿಸಿ ಕಳಿಸು, ಇಲ್ಲಿನ ಡಾಕ್ಟರ್ ಕೇಳುತ್ತಿದ್ದಾರೆ ಅಂತ ಅಕ್ಕ ಹೇಳಿದ್ದಾಳೆ. ನಮ್ಮ ಹತ್ತಿರ ಎರಡು ಇವೆ. ಕಳೆದ ಅಕ್ಟೋಬರ್, ತುಲಾ ಸಂಕ್ರಮಣ ಕಳೆದು ಮೂರ್ನಾಲ್ಕು ದಿನಕ್ಕೆ 8.4 ಶೇಕಡಾ. ಫೆಬ್ರವರಿಯಲ್ಲಿ, ಹೊರಡೋ ಮೊದಲು, 7.9 ಶೇಕಡಾ. ಇವನ್ನು ಹೇಗೆ ತಿರುಗಿಸೋದು? ಗೊತ್ತಿರೋರು ದಯವಿಟ್ಟು ಹೇಳಿ.

ಸೋಮವಾರಪೇಟೆ ಮೇಷ್ಟ್ರು

ಇದು ತುಂಬಾ ಸುಲಭ ಕಣಪ್ಪ. ಶೇಕಡಾ ಅಂದರೆ ನೂರಕ್ಕೆ ಎಷ್ಟು ಅಂತ. ಮಿಲಿಮೋಲ್ ಪರ್ ಮೋಲ್ ಅಂದರೆ ಸಾವಿರಕ್ಕೆ ಎಷ್ಟು ಅಂತ. ಹಾಗಾಗಿ ಹತ್ತರಿಂದ ಗುಣಿಸಿದರೆ ಮುಗೀತು. 8.4 ಅಂದರೆ 84, 7.9 ಅಂದರೆ 79. ಈಗ 58ಕ್ಕೆ ಬಂದಿದೆ ಅಂದರೆ 5.8 ಶೇಕಡಾ. ನಿಮ್ಮ ತಂದೆಗೆ ಸಕ್ಕರೆ ಕಾಯಿಲೆ ಹತೋಟಿಗೆ ಬಂದಿದೆ, ಸಂತೋಷದ ವಿಷಯ.

ಗೋಣಿಕೊಪ್ಪ ಕಾಳುಮೆಣಸು

ಹದಿನೆಂಟರಿಂದ ಗುಣಿಸಬೇಕು. ನನ್ನ ಮಗ ದುಬೈನಲ್ಲಿದ್ದಾನೆ, ಅವನ ಮೀಟರಿಗೆ ನಾವು ಹಾಗೇ ಮಾಡೋದು. 7.8 ಇಂಟು 18 ಅಂದರೆ 140. ಖಾಲಿ ಹೊಟ್ಟೆಗೋ ಊಟ ಆದಮೇಲೋ ಅದನ್ನು ಕೇಳಿ ಮೊದಲು.

ನಾಪೋಕ್ಲು ಮಗ

ಅಣ್ಣಾ, 58ನ್ನು ಹದಿನೆಂಟರಿಂದ ಗುಣಿಸಿದರೆ 1044 ಬರುತ್ತೆ. ಅದು ಹೇಗಾಗುತ್ತೆ?

ಗೋಣಿಕೊಪ್ಪ ಕಾಳುಮೆಣಸು

ಹೌದಲ್ಲ. ನಾನು ಕೆಳಗಿನ ಸಾಲು ಮಾತ್ರ ನೋಡಿದೆ. ಮೇಲಿನದ್ದು ನನಗೆ ಗೊತ್ತಿಲ್ಲ.

ಲ್ಯಾಬ್ ಅಕ್ಕ, ಮಡಿಕೇರಿ

ನಾನು ಇಪ್ಪತ್ತೆರಡು ವರ್ಷದಿಂದ ಲ್ಯಾಬಿನಲ್ಲಿ ಕೆಲಸ ಮಾಡ್ತಿದ್ದೇನೆ. ವಿದೇಶದಿಂದ ಬಂದವರು ಇಂಥ ಕಾಗದ ಹಿಡಿದುಕೊಂಡು ನಮ್ಮ ಕೌಂಟರಿಗೆ ಬರ್ತಾನೇ ಇರ್ತಾರೆ. ಸ್ವಲ್ಪ ನಿಧಾನವಾಗಿ ಹೇಳ್ತೀನಿ.

ಮೊದಲು ಆ ಎರಡು ಸಾಲು. ಗೋಣಿಕೊಪ್ಪದವರು ಹೇಳಿದ್ದು ಕೆಳಗಿನ ಸಾಲಿಗೆ ಸರಿ. ಅದು ಆ ಹೊತ್ತಿನ ರಕ್ತದ ಸಕ್ಕರೆ. 7.8 ಅಂದರೆ ನಮ್ಮ ಲೆಕ್ಕದಲ್ಲಿ 140. ನಿಮ್ಮ ಭಾವ ಅದನ್ನು ಎಚ್‌ಬಿಎ1ಸಿ ಅಂದುಕೊಂಡಿದ್ದು ಯಾಕೆ ಅಂತ ನನಗೆ ಅರ್ಥ ಆಗುತ್ತೆ. ನಮ್ಮ ಕಣ್ಣಿಗೆ 7.8 ಅಂದರೆ ಎಚ್‌ಬಿಎ1ಸಿ ಥರಾನೇ ಕಾಣುತ್ತೆ, 58 ಅಂದರೆ ಸಕ್ಕರೆ ಥರ ಕಾಣುತ್ತೆ. ಎರಡೂ ಅದಲುಬದಲು. ಅದಕ್ಕೇ ವಿದೇಶದ ಕಾಗದದಲ್ಲಿ ಅಂಕಿಗಿಂತ ಮೊದಲು ಅದರ ಪಕ್ಕದ ಅಕ್ಷರ ಓದಬೇಕು. ಈ ಎರಡು ಪರೀಕ್ಷೆಯಲ್ಲಿ, ಕೊನೆಗೆ `/L` ಇದ್ದರೆ ಸಕ್ಕರೆ. `/mol` ಇದ್ದರೆ ಎಚ್‌ಬಿಎ1ಸಿ.

ಈಗ ಮೇಷ್ಟ್ರ ಮಾತು. ಮೇಷ್ಟ್ರೇ, ನೀವು ಹೇಳಿದ್ದರಲ್ಲಿ ಅರ್ಧ ಸರಿ. ಅದು ಸಾವಿರಕ್ಕೆ ಎಷ್ಟು ಅನ್ನೋ ಲೆಕ್ಕವೇ. ಆದರೆ ಹತ್ತರಿಂದ ಗುಣಿಸಿದರೆ ಬರಲ್ಲ. ಲೆಕ್ಕ ಹೀಗೆ:

```
mmol/mol = (% − 2.152) ÷ 0.09148
```

ಇದನ್ನೇ 10.93ರಿಂದ ಗುಣಿಸಿ 23.5 ಕಳೆಯಿರಿ ಅಂತಲೂ ಹೇಳ್ತಾರೆ. ಎರಡೂ ಒಂದೇ.

ಅಪ್ಪಂದು 8.4 ತಗೊಳ್ಳಿ. 8.4ರಿಂದ 2.152 ಕಳೆದರೆ 6.248. ಅದನ್ನು 0.09148ರಿಂದ ಭಾಗಿಸಿದರೆ 68.3. ಅಂದರೆ 68. ಮಿಲಿಮೋಲ್ ಪರ್ ಮೋಲಿನಲ್ಲಿ ದಶಮಾಂಶ ಬರೆಯಲ್ಲ, ಪೂರ್ತಿ ಅಂಕಿ ಮಾತ್ರ. 7.9 ಅಂದರೆ 62.8, ಅಂದರೆ 63. ಆಮೇಲೆ ಇಂಗ್ಲೆಂಡಿನ 58. ಹೀಗೆ 68, 63, 58 ಅಂತ ಸಾಲಾಗಿ ಇಳಿದಿದೆ.

58ನ್ನು ಶೇಕಡಾಗೆ ತಂದರೆ 7.5. ಮೇಷ್ಟ್ರು ಹೇಳಿದ 5.8 ಅಲ್ಲ. ಇದು ಸಣ್ಣ ವ್ಯತ್ಯಾಸ ಅಲ್ಲ. 5.8 ಅಂತ ನಂಬಿದರೆ ಮನೆಯವರು ಮಾತ್ರೆ ಬಿಡಿಸಿಬಿಡ್ತಾರೆ.

ಸೋಮವಾರಪೇಟೆ ಮೇಷ್ಟ್ರು

ತಿದ್ದಿದ್ದಕ್ಕೆ ಧನ್ಯವಾದ ತಾಯಿ. ಆದರೆ ಲೆಕ್ಕದ ಮೇಷ್ಟ್ರಾಗಿ ನನಗೆ ಒಂದು ವಿಷಯ ಬಗೆಹರಿಯುತ್ತಿಲ್ಲ. ಆ ಡಾಕ್ಟರ್ ಬರೆದ ಗುರಿ ಸಾವಿರಕ್ಕೆ 53 ಅಂದರೆ ನೂರಕ್ಕೆ 5.3. ಅದು ಎಲ್ಲಿದ್ದರೂ 5.3 ತಾನೇ? ನಿಮ್ಮ ಲೆಕ್ಕದಲ್ಲಿ ಅದು 7 ಹೇಗಾಯಿತು? ಆ 2.152 ಎಲ್ಲಿಂದ ಬಂತು? ಒಂದೇ ರಕ್ತದಲ್ಲಿ ಒಂದೇ ವಸ್ತುವನ್ನು ಅಳೆದರೆ ಮಧ್ಯದಲ್ಲಿ ಕಳೆಯೋದು ಯಾಕೆ ಬರಬೇಕು?

ಲ್ಯಾಬ್ ಅಕ್ಕ, ಮಡಿಕೇರಿ

ಮೇಷ್ಟ್ರೇ, ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ರಿ. ಉತ್ತರ ಏನಂದ್ರೆ, ಎರಡೂ ಅಳತೆ ಒಂದೇ ವಸ್ತುವನ್ನು ಅಳೆಯಲ್ಲ.

ಹಳೇ ಯಂತ್ರಗಳು ರಕ್ತದ ಹಿಮೋಗ್ಲೋಬಿನ್ನನ್ನು ಒಂದು ಕೊಳವೆಯಲ್ಲಿ ಬೇರೆ ಬೇರೆ ಮಾಡಿ, ಒಂದು ಗುಡ್ಡದ ಹಾಗೆ ಬರೋ ಗೆರೆಯ ಕೆಳಗಿರೋದನ್ನೆಲ್ಲ ಎಚ್‌ಬಿಎ1ಸಿ ಅಂತ ಎಣಿಸುತ್ತಿದ್ದವು. ಆ ಗುಡ್ಡದೊಳಗೆ ನಿಜವಾಗಿ ಸಕ್ಕರೆ ಅಂಟಿದ್ದೂ ಇತ್ತು, ಅದರ ಜೊತೆಗೆ ಬಂದುಬಿಡೋ ಬೇರೆ ವಸ್ತುವೂ ಇತ್ತು. ಮೆಣಸು ತೂಗುವಾಗ ಹೊಟ್ಟೂ ಕಡ್ಡಿಯೂ ಸೇರಿ ತೂಕ ಬರಲ್ವಾ, ಹಾಗೆ.

ಅಮೆರಿಕ ಮತ್ತು ಕೆನಡಾದಲ್ಲಿ ಡಿಸಿಸಿಟಿ ಅಂತ ಒಂದು ದೊಡ್ಡ ಅಧ್ಯಯನ ನಡೀತು. 1993ರಲ್ಲಿ ಫಲಿತಾಂಶ ಬಂತು. ಎಚ್‌ಬಿಎ1ಸಿ 7ರ ಹತ್ತಿರ ಇಟ್ಟುಕೊಂಡವರಿಗೆ ಕಣ್ಣು, ಕಿಡ್ನಿ ಹಾಳಾಗೋದು ಎಷ್ಟೋ ಕಡಿಮೆ ಅಂತ ಅದರಿಂದ ತಿಳಿಯಿತು. ಆ 7 ಅನ್ನೋದು ಹೊಟ್ಟು ಸೇರಿದ ತೂಕದ 7. ಆಮೇಲೆ ಹೆಚ್ಚಿನ ಲ್ಯಾಬಿನ ಯಂತ್ರಗಳನ್ನು ಆ ಅಧ್ಯಯನದ ಅಂಕಿಗೇ ಹೊಂದಿಸಿದರು. ನಮ್ಮ ಶೇಕಡಾ ಅಂದರೆ ಇವತ್ತಿಗೂ ಅದೇ.

ನಂತರ ಐಎಫ್‌ಸಿಸಿ ಅನ್ನೋ ಅಂತಾರಾಷ್ಟ್ರೀಯ ಸಂಸ್ಥೆಯವರು ಹಿಮೋಗ್ಲೋಬಿನ್ನಿನ ತುದಿಯ ತುಣುಕನ್ನೇ ಕತ್ತರಿಸಿ, ಅದಕ್ಕೆ ಸಕ್ಕರೆ ಅಂಟಿದೆಯಾ ಇಲ್ವಾ ಅಂತ ಮಾತ್ರ ಎಣಿಸೋ ವಿಧಾನ ತಂದರು. ಹೊಟ್ಟೆಲ್ಲ ಕೇರಿ ಹೋಯ್ತು. ಹಾಗಾಗಿ 7 ಅಂತಿದ್ದದ್ದು ನಿಜದಲ್ಲಿ 5.3. ನೀವು ಹೇಳಿದ 5.3 ಅದೇ ಮೇಷ್ಟ್ರೇ. ಆದರೆ ರೋಗಿಗಳಿಗೆ ಇದ್ದಕ್ಕಿದ್ದ ಹಾಗೆ "ನಿಮ್ಮದು 5.3" ಅಂದರೆ ಏನಾಗುತ್ತೆ? ಎಲ್ಲರೂ ಕಾಯಿಲೆ ವಾಸಿಯಾಯ್ತು ಅಂದುಕೊಳ್ತಾರೆ. ಹಳೇ ಅಂಕಿಯೊಂದಿಗೆ ಗೊಂದಲ ಆಗಬಾರದು ಅಂತಾನೇ ಸಾವಿರದ ಲೆಕ್ಕಕ್ಕೆ ಹಾಕಿ 53 ಅಂತ ಮಾಡಿದರು. ಬ್ರಿಟನ್ನಿನಲ್ಲಿ 2009ರಿಂದ ಎರಡು ವರ್ಷ ಎರಡೂ ಅಂಕಿ ಕೊಟ್ಟು, 2011ರಿಂದ ಮಿಲಿಮೋಲ್ ಮಾತ್ರ ಉಳಿಸಿಕೊಂಡರು.

ಆ 2.152 ಅಂದರೆ ಹೆಚ್ಚುಕಮ್ಮಿ ಆ ಹೊಟ್ಟಿನ ತೂಕ ಅಂದುಕೊಳ್ಳಿ. ತೀರಾ ಕರಾರುವಾಕ್ಕಲ್ಲ, ಎರಡೂ ವಿಧಾನದಲ್ಲಿ ಅದೇ ರಕ್ತಗಳನ್ನು ಅಳೆದು ಎಳೆದ ಗೆರೆ ಅದು. ಆದರೆ ಅರ್ಥ ಮಾಡಿಕೊಳ್ಳೋಕೆ ಸಾಕು.

ಸೋಮವಾರಪೇಟೆ ಮೇಷ್ಟ್ರು

ಈಗ ಬಗೆಹರಿಯಿತು. ಗೆರೆ ಸೊನ್ನೆಯಿಂದ ಹೊರಡಲ್ಲ, ಮೇಲಿಂದ ಹೊರಡುತ್ತೆ. ಅದಕ್ಕೇ ಬರೀ ಗುಣಿಸಿದರೆ ಸಾಲದು.

ಡಬ್ಲಿನ್ ನರ್ಸ್, ಊರು ವಿರಾಜಪೇಟೆ

ಅಕ್ಕ ಹೇಳಿದ್ದು ಸರಿಯಾಗಿದೆ. ಇಲ್ಲಿ ವಾರ್ಡಿನಲ್ಲಿ ನಾವು ಕ್ಯಾಲ್ಕುಲೇಟರ್ ಹಿಡಿಯಲ್ಲ. ಒಂದು ಸುಲಭದ ದಾರಿ ಇದೆ, ಕೈಬೆರಳಲ್ಲೇ ಆಗುತ್ತೆ.

ಶೇಕಡಾ 8 ಅಂತ ಇಟ್ಟುಕೊಳ್ಳಿ. ಎಂಟರಿಂದ ಎರಡು ಕಳೆದರೆ 6. ಆರರಿಂದ ಎರಡು ಕಳೆದರೆ 4. ಪಕ್ಕಪಕ್ಕ ಇಟ್ಟರೆ 64. ಅಷ್ಟೇ. 7 ಆದರೆ 5, ಆಮೇಲೆ 3, ಅಂದರೆ 53. 9 ಆದರೆ 75. ಪೂರ್ಣ ಅಂಕಿಗೆಲ್ಲ ಇದು ಸರಿಯಾಗಿ ಕೂರುತ್ತೆ.

ಚುಕ್ಕಿ ಆದಮೇಲಿನ ಅಂಕಿಗೆ, ಒಂದೊಂದಕ್ಕೂ 1.1 ಸೇರಿಸಿ. ಅಪ್ಪನ 8.4ಕ್ಕೆ 64ರ ಮೇಲೆ ನಾಲ್ಕೂವರೆ ಸೇರಿಸಿದರೆ 68ರ ಹತ್ತಿರ ಬರುತ್ತೆ. 7.9ಕ್ಕೆ 53ರ ಮೇಲೆ ಒಂಬತ್ತು ಸಲ 1.1, ಅಂದರೆ ಸುಮಾರು ಹತ್ತು. 63.

ಇದರ ದೊಡ್ಡ ಉಪಯೋಗ ತಪ್ಪು ಹಿಡಿಯೋಕೆ. ಒಬ್ಬರು 7.9ನ್ನು 10.93ರಿಂದ ಗುಣಿಸಿ 23.5 ಕಳೆಯೋದನ್ನೇ ಮರೆತು 86 ಅಂತ ಫಾರಂನಲ್ಲಿ ಬರೆದುಕೊಂಡು ಬಂದಿದ್ದರು. 86 ಅಂದರೆ ಶೇಕಡಾ 10. ಪಾಪ, ಅವರು ಇನ್ಸುಲಿನ್ ಶುರು ಮಾಡ್ತಾರೇನೋ ಅಂತ ರಾತ್ರಿಯೆಲ್ಲ ನಿದ್ದೆ ಮಾಡಿರಲಿಲ್ಲ. 7.9 ಅಂದರೆ 53ಕ್ಕೂ 64ಕ್ಕೂ ಮಧ್ಯೆ ಇರಲೇಬೇಕು ಅಂತ ತಲೆಯಲ್ಲಿದ್ದರೆ 86 ತಪ್ಪು ಅಂತ ತಕ್ಷಣ ಗೊತ್ತಾಗುತ್ತೆ.

ಕುಶಾಲನಗರ ಹುಡುಗ

ಅಕ್ಕನಿಗೆ ಕಳಿಸೋಕೆ ಎಕ್ಸೆಲ್ ಹಾಳೆ ಮಾಡೋದಾದರೆ ಇದನ್ನು ಹಾಕಿ. B2ನಲ್ಲಿ ಶೇಕಡಾ ಇರಲಿ.

```
=ROUND((B2-2.152)/0.09148,0)
```

ನನ್ನದೂ ಒಂದು ಪ್ರಶ್ನೆ ಇದೆ. ನನ್ನ ಅಣ್ಣ ಮ್ಯಾಂಚೆಸ್ಟರಿನಲ್ಲಿದ್ದಾನೆ. ಅವನದ್ದು 47 ಬಂದಿದೆ. ಅಲ್ಲಿ "ಇನ್ನೂ ಡಯಾಬಿಟೀಸ್ ಅಲ್ಲ, ಅಂಚಿನಲ್ಲಿದ್ದೀರಿ" ಅಂದರಂತೆ. ಆದರೆ ನಾನು ಶೇಕಡಾಗೆ ತಿರುಗಿಸಿದರೆ 6.5 ಬರುತ್ತೆ. ನಮ್ಮಲ್ಲಿ 6.5 ಅಂದರೆ ಡಯಾಬಿಟೀಸ್. ಹಾಗಾದರೆ ಅವರು ಹೇಳಿದ್ದು ತಪ್ಪಾ?

ಲ್ಯಾಬ್ ಅಕ್ಕ, ಮಡಿಕೇರಿ

ತಪ್ಪಲ್ಲ ತಮ್ಮಾ. 47 ಅಂದರೆ ನಿಜಕ್ಕೂ 6.45. ಅದನ್ನು ಒಂದು ಅಂಕಿಗೆ ಕೂರಿಸುವಾಗ 6.5 ಆಗಿಬಿಡುತ್ತೆ. 48 ಅಂದರೆ 6.54, ಅದೂ 6.5 ಆಗುತ್ತೆ. ಅಂದರೆ ಮಿಲಿಮೋಲಿನ ಎರಡು ಮೆಟ್ಟಿಲು ಶೇಕಡಾದ ಒಂದೇ ಮೆಟ್ಟಿಲಲ್ಲಿ ಬಿದ್ದಿವೆ. ಅಲ್ಲಿ ಗೆರೆ 48ಕ್ಕೆ. ಅಣ್ಣ ಒಂದು ಮೆಟ್ಟಿಲು ಕೆಳಗಿದ್ದಾನೆ. ಅಂಚಿನಲ್ಲಿರೋವಾಗ ಯಾವ ಲೆಕ್ಕದಲ್ಲಿ ಅಳೆದರೋ ಅದೇ ಲೆಕ್ಕದ ಗೆರೆ ನೋಡಬೇಕು, ತಿರುಗಿಸಿ ನೋಡಬಾರದು.

ಆದರೂ 47 ಅಂದರೆ ನಿಶ್ಚಿಂತೆ ಅಂತಲ್ಲ. ಅದೇ ರಕ್ತವನ್ನು ಇನ್ನೊಮ್ಮೆ ಯಂತ್ರಕ್ಕೆ ಹಾಕಿದರೆ 48 ಬರಬಹುದು, 46ಕ್ಕೂ ಬರಬಹುದು. ಮತ್ತೆ ಮಾಡಿಸೋಕೆ ಹೇಳಿ.

ಸುಂಟಿಕೊಪ್ಪ ಅಮ್ಮ

ಇಲ್ಲಿ ಕೇಳೋದು ಸರಿಯೋ ತಪ್ಪೋ ಗೊತ್ತಿಲ್ಲ. ನನಗೆ ಕಳೆದ ವರ್ಷ ಮುಟ್ಟು ತುಂಬಾ ಹೋಗಿ ರಕ್ತ ಕಡಿಮೆ ಆಗಿತ್ತು. ಹಿಮೋಗ್ಲೋಬಿನ್ 8 ಇತ್ತು. ಆಗ ಎಚ್‌ಬಿಎ1ಸಿ 7.4. ಕಬ್ಬಿಣದ ಮಾತ್ರೆ ತಗೊಂಡೆ. ಮೂರು ತಿಂಗಳಿಗೆ 6.8 ಆಯ್ತು. ಊಟ ಏನೂ ಬದಲಾಯಿಸಿಲ್ಲ, ಅದೇ ಅಕ್ಕಿ ರೊಟ್ಟಿ, ಅದೇ ಕಡುಬು. ನನ್ನ ಮಗಳು ಆಸ್ಟ್ರೇಲಿಯಾದಿಂದ ಫೋನ್ ಮಾಡಿ, ಇದನ್ನು ಮಿಲಿಮೋಲಿಗೆ ಹಾಕಿದರೆ ಸರಿಯಾದ ಅಂಕಿ ಸಿಗುತ್ತೆ ಅಂತಾಳೆ. ನಿಜವಾ?

ಡಬ್ಲಿನ್ ನರ್ಸ್, ಊರು ವಿರಾಜಪೇಟೆ

ಇಲ್ಲ ಅಮ್ಮಾ. ಮಿಲಿಮೋಲಿಗೆ ಹಾಕಿದರೆ 57 ಇದ್ದದ್ದು 51 ಆಯ್ತು ಅಂತ ಕಾಣುತ್ತೆ, ಅಷ್ಟೇ. ತೂಕದ ಬಟ್ಟು ಬದಲಾಯಿಸಿದರೆ ಚೀಲದಲ್ಲಿರೋದು ಬದಲಾಗಲ್ಲ.

ನಿಮ್ಮದರಲ್ಲಿ ವಿಷಯ ಬೇರೆ. ಕಬ್ಬಿಣದ ಅಂಶ ಕಡಿಮೆ ಇದ್ದಾಗ ಎಚ್‌ಬಿಎ1ಸಿ ಇರೋದಕ್ಕಿಂತ ಜಾಸ್ತಿ ತೋರಿಸೋದುಂಟು. ಮಾತ್ರೆ ತಗೊಂಡಾಗ ಹೊಸ ರಕ್ತಕಣ ತುಂಬಾ ಹುಟ್ಟುತ್ತವೆ. ಹೊಸ ಕಣಕ್ಕೆ ಸಕ್ಕರೆ ಅಂಟೋಕೆ ಇನ್ನೂ ಸಮಯ ಸಿಕ್ಕಿರಲ್ಲ, ಹಾಗಾಗಿ ಅಂಕಿ ಇಳಿಯುತ್ತೆ. ಆ ಇಳಿತದಲ್ಲಿ ಎಷ್ಟು ಸಕ್ಕರೆಯದ್ದು, ಎಷ್ಟು ಕಬ್ಬಿಣದ್ದು ಅಂತ ಈ ಕಾಗದ ನೋಡಿ ಹೇಳೋಕಾಗಲ್ಲ. ನಿಮ್ಮ ಡಾಕ್ಟರಿಗೆ ಎರಡೂ ಕಾಗದದ ಜೊತೆ ಹಿಮೋಗ್ಲೋಬಿನ್ ಕಾಗದವನ್ನೂ ತೋರಿಸಿ. ಒಂದು ವಾರ ಮನೆಯಲ್ಲೇ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲೂ ಊಟ ಆಗಿ ಎರಡು ಗಂಟೆಗೂ ಚುಚ್ಚಿ ನೋಡಿ ಬರೆದುಕೊಂಡು ಹೋದರೆ ಅವರಿಗೆ ಅನುಕೂಲ.

ಸುಂಟಿಕೊಪ್ಪ ಅಮ್ಮ

ಆಯ್ತಮ್ಮ, ಹಾಗೇ ಮಾಡ್ತೀನಿ.

ನಾಪೋಕ್ಲು ಮಗ

ಎಲ್ಲರಿಗೂ ಧನ್ಯವಾದ. ಇವತ್ತು ಮನೆಯಲ್ಲಿ ಇನ್ನೊಂದು ಗಲಾಟೆ ಆಯ್ತು, ಅದನ್ನೂ ಹೇಳ್ತೀನಿ.

ಅಪ್ಪಂದು 58, ಗುರಿ 53. ಅಂದರೆ ಇನ್ನು 5 ಇಳಿಸಬೇಕು. ಶೇಕಡಾ ಲೆಕ್ಕದಲ್ಲಿ ಅದು ಎಷ್ಟು ಅಂತ ಭಾವ ಫೋನಲ್ಲಿ ಲೆಕ್ಕ ಹಾಕುವ ಪುಟ ತೆಗೆದು 5 ಅಂತ ಒತ್ತಿದರು. 2.6 ಅಂತ ಬಂತು. "7.5ರಿಂದ 2.6 ಇಳಿಸಬೇಕು, ಅಂದರೆ 4.9ಕ್ಕೆ ತರಬೇಕು, ನಾಳೆಯಿಂದ ರಾತ್ರಿ ಊಟ ಬಂದ್" ಅಂತ ಅಪ್ಪನಿಗೆ ಹೇಳಿಬಿಟ್ಟರು. ಅಪ್ಪ ಮಾತ್ರೆ ತಗೊಳ್ತಾರೆ, ರಾತ್ರಿದೂ ಇದೆ. ಊಟ ಬಿಟ್ಟು ಮಾತ್ರೆ ತಗೊಂಡರೆ ಏನಾಗುತ್ತೋ ಅಂತ ನನಗೆ ಭಯ.

ಅದೂ ಅಲ್ಲದೆ ನಾನೇ ಎಕ್ಸೆಲ್ಲಿನಲ್ಲಿ 8.4ಕ್ಕೂ 7.9ಕ್ಕೂ ಇರೋ ವ್ಯತ್ಯಾಸ 0.5 ಹಾಕಿ ನೋಡಿದೆ. ಮೈನಸ್ 18 ಅಂತ ಬಂತು. ಎಲ್ಲಿ ತಪ್ಪಿದೆ?

ಲ್ಯಾಬ್ ಅಕ್ಕ, ಮಡಿಕೇರಿ

ಮೊದಲು ಅಪ್ಪನಿಗೆ ಊಟ ಬಿಡಬೇಡಿ ಅಂತ ಹೇಳಿ. ರಾತ್ರಿ ಮಾತ್ರೆ ತಗೊಂಡು ಊಟ ಬಿಟ್ಟರೆ ಬೆಳಗಿನ ಜಾವ ಸಕ್ಕರೆ ನಿಜಕ್ಕೂ ಇಳಿದುಬಿಡಬಹುದು. ಈಗಲೇ ಹೋಗಿ ಹೇಳಿ, ಆಮೇಲೆ ಉಳಿದದ್ದು ಓದಿ.

ನಾನು ಈ ಚರ್ಚೆಯಲ್ಲಿ ಹೇಳಬೇಕು ಅಂದುಕೊಂಡಿದ್ದ ಮುಖ್ಯ ವಿಷಯ ಇದೇ. ಎಚ್‌ಬಿಎ1ಸಿ ತಿರುಗಿಸೋದು ಬೇರೆ, ಎರಡು ಎಚ್‌ಬಿಎ1ಸಿ ನಡುವಿನ ವ್ಯತ್ಯಾಸ ತಿರುಗಿಸೋದು ಬೇರೆ. ಲೆಕ್ಕ ಹಾಕುವ ಪುಟಕ್ಕೆ ನೀವು ಒತ್ತಿದ 5 ಒಬ್ಬ ಮನುಷ್ಯನ ಎಚ್‌ಬಿಎ1ಸಿಯೋ, ಇಳಿಸಬೇಕಾದ ಐದೋ ಗೊತ್ತಾಗಲ್ಲ. ಅದು ಹೊಟ್ಟಿನ 2.152 ಸೇರಿಸೇ ಕೊಡುತ್ತೆ. ವ್ಯತ್ಯಾಸದಲ್ಲಿ ಹೊಟ್ಟು ಇರಲ್ಲ. 7.5ರಲ್ಲೂ ಹೊಟ್ಟಿದೆ, 7ರಲ್ಲೂ ಅಷ್ಟೇ ಹೊಟ್ಟಿದೆ, ಒಂದರಿಂದ ಒಂದು ಕಳೆದಾಗ ಅದು ಹೋಗಿಬಿಡುತ್ತೆ.

ಹಾಗಾಗಿ ವ್ಯತ್ಯಾಸಕ್ಕೆ ಬರೀ ಗುಣಿಸೋದು, ಕಳೆಯೋದು ಇಲ್ಲ. ಶೇಕಡಾ 1 ಇಳಿದರೆ ಮಿಲಿಮೋಲಿನಲ್ಲಿ 11 ಇಳಿದ ಹಾಗೆ. ಶೇಕಡಾ ಅರ್ಧ ಇಳಿದರೆ ಐದೂವರೆ. ಅಪ್ಪ ಇಳಿಸಬೇಕಾದ 5 ಅಂದರೆ ಸುಮಾರು ಅರ್ಧ ಪಾಯಿಂಟ್. 7.5ರಿಂದ 7ಕ್ಕೆ. 53 ಅನ್ನೋದೇ 7 ಅಲ್ವಾ, ಸರಿಯಾಗಿ ಕೂತಿತು. 4.9 ಎಲ್ಲೂ ಇಲ್ಲ.

ನಿಮಗೆ ಮೈನಸ್ 18 ಬಂದಿದ್ದೂ ಅದಕ್ಕೇ. ಎಚ್‌ಬಿಎ1ಸಿ ಯಾವತ್ತೂ ಸೊನ್ನೆಗಿಂತ ಕೆಳಗೆ ಬರಲ್ಲ. ಹಾಗೆ ಬಂದರೆ ವ್ಯತ್ಯಾಸವನ್ನು ತಪ್ಪು ಕಡೆ ಹಾಕಿದ್ದೀರಿ ಅಂತ ತಿಳಿಯಿರಿ. ನಿಮಗೆ ಮೈನಸ್ ಬಂದು ತಪ್ಪು ಕಂಡಿತು. ಭಾವನಿಗೆ ಬಂದ 2.6 ನೋಡೋಕೆ ಸರಿಯಾದ ಅಂಕಿಯ ಹಾಗೇ ಇತ್ತು, ಅದಕ್ಕೇ ನಂಬಿಬಿಟ್ಟರು.

ಅನುಮಾನ ಬಂದರೆ ಸುಮ್ನೆ ಎರಡು ಅಂಕಿಯನ್ನೂ ಮೊದಲು ಬೇರೆ ಬೇರೆ ತಿರುಗಿಸಿ, ಆಮೇಲೆ ಕಳೆಯಿರಿ. ಯಾವತ್ತೂ ತಪ್ಪಲ್ಲ.

ಸೋಮವಾರಪೇಟೆ ಮೇಷ್ಟ್ರು

ಇದು ಜ್ವರ ನೋಡೋ ಲೆಕ್ಕದ ಥರಾನೇ. ಫ್ಯಾರನ್‌ಹೀಟಿನಲ್ಲಿ 98.6 ಅಂದರೆ ಸೆಲ್ಸಿಯಸ್ಸಿನಲ್ಲಿ 37, ಅಲ್ಲಿ 32 ಕಳೆಯಬೇಕು. ಆದರೆ ಜ್ವರ ಫ್ಯಾರನ್‌ಹೀಟಿನಲ್ಲಿ 1.8 ಏರಿತು ಅಂದರೆ ಸೆಲ್ಸಿಯಸ್ಸಿನಲ್ಲಿ 1 ಏರಿತು ಅಂತಷ್ಟೇ, ಅಲ್ಲಿ 32 ಬರಲ್ಲ. ಮಕ್ಕಳು ಪ್ರತಿ ವರ್ಷ ಇದೇ ತಪ್ಪು ಮಾಡ್ತಿದ್ದರು. ಭಾವನಿಗೆ ಇದನ್ನು ಹೇಳಿ, ಅರ್ಥ ಆಗುತ್ತೆ.

ನಾಪೋಕ್ಲು ಮಗ

ಅಪ್ಪನಿಗೆ ಹೇಳಿದೆ ಅಕ್ಕಾ. ಈಗ ತಾನೇ ಊಟಕ್ಕೆ ಕೂತರು. ಮೇಷ್ಟ್ರ ಜ್ವರದ ಲೆಕ್ಕ ಭಾವನಿಗೆ ಓದಿ ಹೇಳಿದೆ, ಒಪ್ಪಿಕೊಂಡರು.

ಇನ್ನೊಂದು ಕೇಳಲಾ? ಅಪ್ಪ ಅಲ್ಲಿ ದಿನಾ ಅಕ್ಕನ ಜೊತೆ ಪಾರ್ಕಿನಲ್ಲಿ ನಡೀತಿದ್ದರಂತೆ. 63ರಿಂದ 58ಕ್ಕೆ ಇಳಿದಿದ್ದು ಆ ನಡಿಗೆಯಿಂದಲೇ ಅಂತ ಅವರಿಗೆ ಖುಷಿ. ಇಲ್ಲಿ ಮಳೆಯಲ್ಲಿ ಹೊರಗೆ ಕಾಲಿಡೋಕಾಗಲ್ಲ, ಜಿಗಣೆ ಬೇರೆ, ಮತ್ತೆ ಏರಿಬಿಡುತ್ತೆ ಅಂತ ಬೇಜಾರು. ಈ 5 ನಿಜವಾದ ಇಳಿತವಾ?

ಡಬ್ಲಿನ್ ನರ್ಸ್, ಊರು ವಿರಾಜಪೇಟೆ

ನಿಜವೇ ಅಂತ ನನ್ನ ಅನಿಸಿಕೆ. ಐದು ತಿಂಗಳು ದಿನಾ ನಡೆದವರಿಗೆ ಅಷ್ಟು ಇಳಿಯೋದು ನಾನು ನೋಡಿದ್ದೇನೆ. ಅವರ ಖುಷಿ ಕೆಡಿಸಬೇಡಿ. ಮನೆ ಜಗಲಿಯಲ್ಲೇ ಊಟ ಆದಮೇಲೆ ಹದಿನೈದು ನಿಮಿಷ ಅತ್ತಿಂದಿತ್ತ ನಡೆಯಲಿ.

ಲ್ಯಾಬ್ ಅಕ್ಕ, ಮಡಿಕೇರಿ

ನಾನು ಅಷ್ಟು ಗಟ್ಟಿಯಾಗಿ ಹೇಳಲ್ಲ. 5 ಅಂದರೆ ಅರ್ಧ ಪಾಯಿಂಟಿಗಿಂತ ಸ್ವಲ್ಪ ಕಡಿಮೆ. ಅರ್ಧ ಪಾಯಿಂಟಿನ ಒಳಗಿನ ಬದಲಾವಣೆಯನ್ನು ಒಂದೇ ಯಂತ್ರದಲ್ಲೂ ನಾವು ಪೂರ್ತಿ ನಂಬಲ್ಲ. ಇದು ಬೇರೆ ದೇಶ, ಬೇರೆ ಯಂತ್ರ. ಆದರೆ 68ರಿಂದ 58ಕ್ಕೆ ಬಂದಿದೆ ಅಲ್ವಾ, ಆ 10 ನನಗೆ ನಿಜ ಅನ್ನಿಸುತ್ತೆ. ಅದರಲ್ಲಿ ಮೊದಲ ಅರ್ಧ ಇಂಗ್ಲೆಂಡಿಗೆ ಹೋಗೋ ಮೊದಲೇ ಇಳಿದಿತ್ತು ಅನ್ನೋದನ್ನೂ ಅಪ್ಪನಿಗೆ ನೆನಪಿಸಿ. ಇಲ್ಲಿದ್ದುಕೊಂಡೇ ಇಳಿಸಿದ್ದರು.

ಮತ್ತೆ, ಆ 8.4 ಯಾವ ವಿಧಾನದಲ್ಲಿ ಮಾಡಿದ್ದು ಅಂತ ನೋಡಿ. ಕಾಗದದಲ್ಲಿ ಎಚ್‌ಪಿಎಲ್‌ಸಿ ಅನ್ನೋ ಲ್ಯಾಬ್ ಯಂತ್ರದ ವಿಧಾನ ಅಂತ ಇದ್ದರೆ ಸಮಾಧಾನ. ಕ್ಯಾಂಪಿನಲ್ಲಿ ಬೆರಳು ಚುಚ್ಚಿ ಸಣ್ಣ ಪೆಟ್ಟಿಗೆಯಲ್ಲಿ ನೋಡಿದ್ದಾದರೆ ಅದರ ಮೇಲೆ ಜಾಸ್ತಿ ಭಾರ ಹಾಕಬೇಡಿ.

ಅಕ್ಕನಿಗೆ ಕಳಿಸುವಾಗ ಬರೀ 68, 63 ಅಂತ ಬರೆಯಬೇಡಿ. ತಾರೀಖು, ಲ್ಯಾಬಿನವರು ಕೊಟ್ಟ ಶೇಕಡಾ, ಪಕ್ಕದಲ್ಲಿ ನೀವು ತಿರುಗಿಸಿದ ಅಂಕಿ, ಅದು ನೀವು ತಿರುಗಿಸಿದ್ದು ಅಂತ ಒಂದು ಮಾತು, ಇಷ್ಟೂ ಇರಲಿ. ಮೂಲ ಕಾಗದದ ಫೋಟೋನೂ ಜೊತೆಗೆ ಹಾಕಿ. ಕೆಲವು ಲ್ಯಾಬಿನವರು ಕೆಳಗೆ ಮಿಲಿಮೋಲನ್ನೂ ಅಚ್ಚು ಹಾಕಿರ್ತಾರೆ, ಅದಿದ್ದರೆ ಅದನ್ನೇ ಬರೆಯಿರಿ. ಆದರೆ ಸರಾಸರಿ ಸಕ್ಕರೆ ಅಂತಲೂ ಒಂದು ಸಾಲು ಇರುತ್ತೆ. 8.4ಕ್ಕೆ ಅದು 194 ಅಂತ ಇರಬಹುದು. ಅದನ್ನು ಮಿಲಿಮೋಲ್ ಅಂದುಕೊಂಡು ಕಳಿಸಬೇಡಿ.

ನಾಪೋಕ್ಲು ಮಗ

ಅಟ್ಟದ ಪೆಟ್ಟಿಗೆಯಿಂದ ಫೈಲ್ ತೆಗೆದೆ. ಕಾಗದ ಮಳೆಗಾಲದ ತಂಡಿಗೆ ಒಂದಕ್ಕೊಂದು ಅಂಟಿಕೊಂಡಿತ್ತು. ಫೆಬ್ರವರಿಯದ್ದರಲ್ಲಿ `HPLC` ಅಂತ ಸ್ಪಷ್ಟವಾಗಿದೆ. ಕೆಳಗೆ 63 mmol/mol ಅಂತಲೂ ಅಚ್ಚಾಗಿದೆ. ನಾವು ಇಷ್ಟು ದಿನ ನೋಡಿಯೇ ಇರಲಿಲ್ಲ.

ಅಕ್ಟೋಬರಿನದ್ದು ಅರ್ಧ ಹಾಳೆ ಮಾತ್ರ. ಹೆಸರು, 8.4, ಒಂದು ಸಹಿ. ವಿಧಾನ ಬರೆದಿಲ್ಲ. ಕ್ಯಾಂಪಿನಲ್ಲಿ ಮಾಡಿಸಿದ್ದಾ ಅಂತ ಅಪ್ಪನನ್ನು ಕೇಳಿದರೆ ಅವರಿಗೆ ನೆನಪಿಲ್ಲ. ತೋಳಿನಿಂದ ರಕ್ತ ತೆಗೆದರು ಅಂತ ಅಮ್ಮ, ಬೆರಳಿನಿಂದ ಅಂತ ಅಪ್ಪ.

ಅಕ್ಕನಿಗೆ ಹೀಗೆ ಕಳಿಸಿದೆ:

```
ಅಕ್ಟೋಬರ್   8.4 %   68 (ನಾವು ತಿರುಗಿಸಿದ್ದು, ವಿಧಾನ ಗೊತ್ತಿಲ್ಲ)
ಫೆಬ್ರವರಿ   7.9 %   63 (ಲ್ಯಾಬಿನ ಅಚ್ಚು, HPLC)
ಜೂನ್      7.5 %   58 (ಇಂಗ್ಲೆಂಡ್; ಶೇಕಡಾ ನಾವು ತಿರುಗಿಸಿದ್ದು)
```

ಲ್ಯಾಬ್ ಅಕ್ಕ, ಮಡಿಕೇರಿ

ಚೆನ್ನಾಗಿದೆ. ಮುಂದಿನದ್ದು ಸೆಪ್ಟೆಂಬರ್ ಕೊನೆಗೆ ಮಾಡಿಸಿ, ಮೂರು ತಿಂಗಳು ತುಂಬುತ್ತೆ. ಫೆಬ್ರವರಿಯಲ್ಲಿ ಮಾಡಿಸಿದ ಲ್ಯಾಬಿಗೇ ಹೋಗಿ. ಆಗ 63ರ ಪಕ್ಕದಲ್ಲಿ ಇಟ್ಟು ನೋಡೋಕೆ ಅದೇ ಯಂತ್ರದ ಅಂಕಿ ಸಿಗುತ್ತೆ.

ಗೋಣಿಕೊಪ್ಪ ಕಾಳುಮೆಣಸು

ನನ್ನ ಮಗನ ಕಾಗದವನ್ನೂ ತರಿಸಿ ನೋಡಿದೆ. ಅದರಲ್ಲಿ ಎಚ್‌ಬಿಎ1ಸಿ ಶೇಕಡಾದಲ್ಲೇ ಇದೆ, ಸಕ್ಕರೆ ಮಾತ್ರ `mmol/L`. ಹಾಗಾದರೆ ಪ್ರತಿ ದೇಶದ್ದೂ ಬೇರೆ ಬೇರೆ ಇರುತ್ತಾ?

ಡಬ್ಲಿನ್ ನರ್ಸ್, ಊರು ವಿರಾಜಪೇಟೆ

ಹೌದು ಅಣ್ಣಾ. ಅಮೆರಿಕದ್ದಾದರೆ ಎರಡೂ ನಮ್ಮ ಹಾಗೇ. ಬ್ರಿಟನ್, ಐರ್ಲೆಂಡ್, ನ್ಯೂಜಿಲೆಂಡಿನದ್ದಾದರೆ ಎರಡೂ ಬೇರೆ. ನಿಮ್ಮ ಮಗನದ್ದರಲ್ಲಿ ಒಂದು ಹಾಗೆ, ಒಂದು ಹೀಗೆ. ದೇಶದ ಹೆಸರು ನೋಡಿ ಊಹೆ ಮಾಡಬೇಡಿ, ಸಾಲು ಸಾಲಿಗೂ ಪಕ್ಕದ ಅಕ್ಷರ ಓದಿ.

ನಾಪೋಕ್ಲು ಮಗ

ಅಮ್ಮ ಅಪ್ಪನ ಕಾಗದದ ಮೇಲೆ ಪೆನ್ಸಿಲಿನಲ್ಲಿ 58ರ ಪಕ್ಕ "7.5", 7.8ರ ಪಕ್ಕ "140" ಅಂತ ಬರೆದು ಗ್ಲುಕೋಮೀಟರ್ ಡಬ್ಬಿಯೊಳಗೆ ಇಟ್ಟಿದ್ದಾರೆ.